ಫೋಟೋದಾಗ ಕಣ್ಣಿನ ಕೆಂಪು ತಗೀಲಿಕ್ಕೆ ಯಾವುದು ಚಲೋ: ಮೊಬೈಲ್ ಆಪ್, ಸ್ನ್ಯಾಪ್‌ಸೀಡ್, ಲೈಟ್‌ರೂಮ್, ಫೋಟೋಶಾಪ್?

ಮದುವಿ ಸೀಸನ್ ಶುರು ಆದ್ರ ಸಾಕು, ಗಂಗಾವತಿ, ಸಿಂಧನೂರು, ಕಂಪ್ಲಿ ಕಡಿ ಸ್ಟುಡಿಯೋ ಹುಡುಗ್ರು ಕೇಳೋದು ಇದೇ ಪ್ರಶ್ನೆ. ಮದುಮಗಳ ಕಣ್ಣು ಕೆಂಪಾಗಿ ಬಂದಾವ, ಮೊಬೈಲ್‌ನಾಗ ಮಾಡಿದ್ರ ನಡೀತೈತೇನು, ಲೈಟ್‌ರೂಮ್ ಸಾಕೇನು, ಇಲ್ಲಾ ಫೋಟೋಶಾಪ್ ತಗೊಳ್ಳಲೇಬೇಕೇನು ಅಂತ. ಮನಿ ಮಂದೀನೂ ಕೇಳ್ತಾರ, ಅಪ್ಪನ ಫೋಟೋ ದೊಡ್ಡದು ಮಾಡಿಸಿ ಗ್ವಾಡಿಗೆ ಹಾಕ್ಬೇಕು, ಕಣ್ಣು ದಣಿದಂಗ ಕಾಣ್ತಾವ, ಸ್ವಲ್ಪ ಬೆಳಗಿಸಿ ಕೊಡ್ರಿ ಅಂತ. ಕಣ್ಣು ಕೆಂಪಾಗೋದ್ರಾಗ ಆಶ್ಚರ್ಯ ಏನಿಲ್ಲ, ಹಿಂದಿನ ರಾತ್ರಿ ನಿದ್ದಿ ಇರಲ್ಲ, ಬೆಳಕು ಹರಿಯೋದ್ರಾಗ ಸುರಗಿ ನೀರು, ಆಮ್ಯಾಲ ಊದಿನಕಡ್ಡಿ ಕರ್ಪೂರದ ಹೊಗೆ, ಎದುರಿಗೆ ವಿಡಿಯೋದವ್ರ ಎಲ್‌ಇಡಿ ಲೈಟು ಕಣ್ಣಿಗೆ ಹೊಡೀತಿರ್ತೈತಿ, ಬ್ಯಾಸಗಿ ಧೂಳು ಬ್ಯಾರೆ.

ಕೆಂಪು ತಗಿಯೋದು ಕಷ್ಟ ಅಲ್ರಿ. ಕಷ್ಟ ಇರೋದು ತಗದ ಮ್ಯಾಲ ಆ ಹುಡುಗಿ ಆ ಹುಡುಗೀನ ಆಗಿ ಕಾಣಬೇಕು ಅನ್ನೋದ್ರಾಗ. ಬಾಳ ಆಲ್ಬಮ್‌ನಾಗ ನೋಡ್ರಿ, ಮುಖ ಎಲ್ಲಾ ಚಲೋ ಇರ್ತೈತಿ, ಕಣ್ಣು ಮಾತ್ರ ಗಾಜಿನ ಗೋಲಿ ಕೂಡ್ಸಿದಂಗ ಬಿಳೀ ಬಿಳೀ, ಯಾರನ್ನೋ ದಿಟ್ಟಿಸಿ ನೋಡಿದಂಗ. ಅದು ಯಾಕ ಹಂಗ ಆಗ್ತೈತಿ ಅಂತ ಮೊದ್ಲ ತಿಳ್ಕೊಂಡ್ರ ಯಾವ ಸಾಧನ ಬೇಕು ಅನ್ನೋದು ಅರ್ಧ ಅಲ್ಲೇ ಗೊತ್ತಾಗ್ತೈತಿ.

ಮೊದ್ಲ ಯಾವುದನ್ನ ನೋಡ್ಬೇಕು

ಕಣ್ಣಿನ ಬಿಳಿಭಾಗ ನಿಜವಾಗ್ಲೂ ಬಿಳಿ ಅಲ್ಲ. ಅದು ದುಂಡಗಿನ ಗುಡ್ಡೆ, ಅದರ ಮ್ಯಾಲ ರೆಪ್ಪೆ ನೆರಳು ಬಿದ್ದಿರ್ತೈತಿ, ಎರಡೂ ಮೂಲೆ ಕಡಿ ಹೋದಂಗ ಕಪ್ಪಾಗ್ತಾ ಹೋಗ್ತೈತಿ, ಬೆಳಕು ಇರೋದು ನಡುವ ಸ್ವಲ್ಪ ಜಾಗದಾಗ ಅಷ್ಟ. ಆ ನೆರಳು ಇರೋದ್ರಿಂದಾನ ಕಣ್ಣು ದುಂಡಗ, ಜೀವಂತ ಕಾಣ್ತೈತಿ. ನೀವು ಬಿಳಿಭಾಗಕ್ಕ ಪೂರ್ತಿ ಒಂದೇ ಸಮ ಬೆಳಕು ಹಚ್ಚಿದ್ರ ನೆರಳು ಹೋಗಿ ಗುಡ್ಡೆ ಚಪ್ಪಟೆ ಆಗ್ತೈತಿ, ಕಾಗದ ಕತ್ತರಿಸಿ ಅಂಟಿಸಿದ್ದು ಅಂತ ನೋಡಿದ ಕೂಡ್ಲೇ ಗೊತ್ತಾಗ್ತೈತಿ. ಹಿಂಗಾಗಿ ಯಾವ ಸಾಧನ ತಗೊಂಡ್ರೂ ಮೊದಲ ಪ್ರಶ್ನೆ ಇದು: ಕಣ್ಣಿನೊಳಗ ಒಂದು ಭಾಗಕ್ಕ ಹಚ್ಚಿ ಇನ್ನೊಂದು ಭಾಗ ಬಿಡಲಿಕ್ಕೆ ಅದು ಬಿಡ್ತೈತೋ ಇಲ್ಲೋ?

ಎರಡನೇದು, ಬಣ್ಣ ಬ್ಯಾರೆ, ಬೆಳಕು ಬ್ಯಾರೆ. ಕೆಂಪು ಕಣ್ಣಿನ ತೊಂದ್ರಿ ಮುಕ್ಕಾಲು ಪಾಲು ಬಣ್ಣದ್ದು. ಬಣ್ಣ ಇಳಿಸಿದ್ರ ಬೆಳಕು ಮುಟ್ಟದಿದ್ರೂ ಕಣ್ಣು ತಿಳಿ ಆದಂಗ ಕಾಣ್ತೈತಿ. ಬಾಳ ಮಂದಿ ಮಾಡೋದು ಉಲ್ಟಾ, ಮೊದ್ಲ ಬೆಳಕು ಏರಿಸ್ತಾರ, ಕೆಂಪು ಅಲ್ಲೇ ಉಳಿದು ಗುಲಾಬಿ ಆಗ್ತೈತಿ, ಅದನ್ನ ಮುಚ್ಚಲಿಕ್ಕೆ ಇನ್ನೂ ಏರಿಸ್ತಾರ, ಕಡೀಕ ಟ್ಯೂಬ್‌ಲೈಟ್ ಆಗಿ ಹೋಗ್ತೈತಿ. ಹಿಂಗಾಗಿ ಎರಡನೇ ಪ್ರಶ್ನೆ: ಈ ಸಾಧನ ಬಣ್ಣ ಮತ್ತ ಬೆಳಕು ಎರಡನ್ನೂ ಬ್ಯಾರೆ ಬ್ಯಾರೆ ತಿರುಗಿಸ್ಲಿಕ್ಕೆ ಬಿಡ್ತೈತೇನು? ಅದರಾಗೂ ಕೆಂಪನ್ನ ಮಾತ್ರ ಇಳಿಸ್ತೈತೋ, ಎಲ್ಲಾ ಬಣ್ಣಾನೂ ಇಳಿಸ್ತೈತೋ? ಎಲ್ಲಾ ಬಣ್ಣ ಇಳಿಸಿದ್ರ ಕಣ್ಣು ಬೂದಿ ಬಣ್ಣಕ್ಕ ತಿರುಗ್ತೈತಿ. ಅರಿಷಿಣ ಹಚ್ಚಿದ ಮುಖ, ಮಂಟಪದ ಹಳದಿ ಲೈಟು, ಅದರ ನಡುವ ನೀಲಿ ಬೂದಿ ಕಣ್ಣು ಅಂದ್ರ ಅದೂ ಸತ್ತಂಗನ ಕಾಣ್ತೈತಿ.

ಮೂರನೇದು, ಎಷ್ಟು ಫೋಟೋ, ಎಲ್ಲಿಗೆ ಹೋಗ್ತಾವ. ವಾಟ್ಸಾಪ್ ಸ್ಟೇಟಸ್‌ಗೆ ಹೋಗೋ ಫೋಟೋದಾಗ ಸಣ್ಣ ಕೆಂಪು ಗೆರಿ ಹೆಂಗೂ ಕಾಣಲ್ಲ, ಅದಕ್ಕ ಅರ್ಧ ತಾಸು ಕೂಡೋದ್ರಾಗ ಅರ್ಥ ಇಲ್ಲ. 12×36 ಆಲ್ಬಮ್ ಶೀಟಿನ ಒಂದು ಕಡಿ ತುಂಬಾ ಮದುಮಗಳ ಮುಖ ಬಂದ್ರ ಅದೇ ಗೆರಿ ದಾರದಷ್ಟು ದಪ್ಪ ಕಾಣ್ತೈತಿ.

ಅಂದಂಗ ಇನ್ನೊಂದು, ಫ್ಲ್ಯಾಶ್ ಹೊಡದಾಗ ಕಣ್ಣಿನ ನಡುವಿನ ಗೊಂಬೆ ಕೆಂಪಗ ಹೊಳೀತೈತಲ್ಲ, ಅದು ಬ್ಯಾರೆ. ಅದು ಬೆಳಕು ಕಣ್ಣಿನ ಹಿಂದಿನ ಪರದಿಗೆ ಬಡಿದು ವಾಪಸ್ ಬರೋದು. ಬಾಳಷ್ಟು ಸಾಫ್ಟ್‌ವೇರ್‌ನಾಗ ಇರೋ Red Eye ಟೂಲ್ ಅದಕ್ಕ ಮಾಡಿದ್ದು, ಗೊಂಬೆ ಕಪ್ಪು ಮಾಡ್ತೈತಿ. ನಿದ್ದಿಗೆಟ್ಟ ಕಣ್ಣಿಗೆ ಅದನ್ನ ಒತ್ತಿದ್ರ ಏನೂ ಉಪಯೋಗ ಇಲ್ಲ.

ಒಂದೇ ಟಚ್‌ನ ಬ್ಯೂಟಿ ಆಪ್

ಇದರ ಬಗ್ಗೆ ಬಾಳ ಹೇಳೋದಿಲ್ಲ. ಖರ್ಚಿಲ್ಲ, ಹತ್ತು ಸೆಕೆಂಡ್ ಕೆಲಸ, ಸ್ಟೇಟಸ್‌ಗೆ ಹಾಕೋ ಸೆಲ್ಫಿಗೆ ನಡೀತೈತಿ, ಸ್ಲೈಡರ್ ಮಾತ್ರ ಕಾಲು ಭಾಗಕ್ಕಿಂತ ಮ್ಯಾಲ ಹೋಗಬ್ಯಾಡ್ರಿ. ಬಿಳಿಭಾಗ ಪೂರ್ತಿ ಒಂದೇ ಸಮ ಬಿಳಿ ಮಾಡೋದೇ ಇವುಗಳ ರೀತಿ, ಮೊದಲ ಪ್ರಶ್ನೆಗೇ ಫೇಲ್. ಮ್ಯಾಲಿಂದ ಬಾಳ ಆಪ್ ಹೇಳದ ಕೇಳದ ಕಣ್ಣನ್ನ ಸ್ವಲ್ಪ ದೊಡ್ಡದೂ ಮಾಡಿ ಬಿಡ್ತಾವ. ದಿಟ್ಟಿಸೋ ನೋಟ ಬರೋದು ಬಿಳುಪಿನಿಂದ ಅಷ್ಟ ಅಲ್ಲ, ಇದರಿಂದಾನೂ. ಸಹಜವಾಗಿ ಮ್ಯಾಲಿನ ರೆಪ್ಪೆ ಕರಿಗುಡ್ಡೆಯ ತುದಿಯನ್ನ ಒಂದೆರಡು ಮಿಲಿಮೀಟರ್ ಮುಚ್ಚಿರ್ತೈತಿ. ಕಣ್ಣು ಹಿಗ್ಗಿಸಿದಾಗ ರೆಪ್ಪೆ ಮ್ಯಾಲ ಸರೀತೈತಿ, ಕರಿಗುಡ್ಡೆಯ ಮ್ಯಾಲೂ ಬಿಳಿ ಕಾಣಲಿಕ್ಕೆ ಹತ್ತಿದ್ರ ಆ ಮನುಷ್ಯ ಹೆದರಿದಂಗ ಕಾಣ್ತಾನ. ಫೋಟೋಶಾಪ್‌ನ Liquify ಬಳಸೋರಿಗೂ ಇದೇ ಮಾತು, ದಣಿದ ಕಣ್ಣು ಅಂತ ತೆರಿಲಿಕ್ಕೆ ಹೋಗಬ್ಯಾಡ್ರಿ.

ಸ್ನ್ಯಾಪ್‌ಸೀಡ್: ಫ್ರೀ, ಕೈಲೆ ಮಾಡೋದು

ಮನಿ ಮಂದಿಗೆ ನಾನು ಹೇಳೋದು ಇದನ್ನ. ದುಡ್ಡು ಕೊಡೋದಿಲ್ಲ, ಕಂಪ್ಯೂಟರ್ ಬೇಕಿಲ್ಲ, ಮತ್ತ ಎಲ್ಲಿ ಹಚ್ಚಬೇಕು ಅನ್ನೋದು ನಿಮ್ಮ ಬೆರಳಿನ ಕೈಯಾಗ ಇರ್ತೈತಿ. ಟೂಲ್ಸ್ ಒಳಗ Brush ತಗೊಂಡು ಅದರಾಗ Saturation ಆರಿಸ್ರಿ, ಬೆಲೆ −5 ಕ್ಕ ಇಡ್ರಿ, −10 ಬ್ಯಾಡ. ಎರಡು ಬೆರಳಿನಿಂದ ಕಣ್ಣನ್ನ ಬಾಳ ಹತ್ತಿರ ಜೂಮ್ ಮಾಡ್ರಿ, ಇದರಾಗ ಬ್ರಶ್‌ಗೆ ಸೈಜ್ ಬಟನ್ ಇಲ್ಲ, ಜೂಮ್ ಮಾಡಿದಷ್ಟು ಬ್ರಶ್ ಸಣ್ಣದಾಗ್ತೈತಿ. ಕೆಂಪು ಇರೋ ಜಾಗದ ಮ್ಯಾಲ ಮಾತ್ರ ತಿಕ್ಕ್ರಿ, ಮೂಗಿನ ಕಡಿ ಮೂಲಿಯಾಗ ಇರೋ ಸಣ್ಣ ಗುಲಾಬಿ ಮಾಂಸ ಬಿಡ್ರಿ. ಅದು ಎಲ್ಲರಿಗೂ ಗುಲಾಬಿನ ಇರ್ತೈತಿ, ಅದನ್ನ ಬೆಳ್ಳಗ ಮಾಡಿದ್ರ ಕಣ್ಣು ಬೊಂಬಿದಾಗ್ತೈತಿ. ಕೆಳಗಿನ ರೆಪ್ಪೆಯ ಒಳ ಅಂಚೂ ಹಂಗ.

ಈ ಬ್ರಶ್‌ನ ಕೊರತೆ ಏನಂದ್ರ ಕೆಂಪನ್ನ ಅಷ್ಟ ಆರಿಸಿ ತಗಿಯಲ್ಲ, ಎಲ್ಲಾ ಬಣ್ಣಾನೂ ಇಳಿಸ್ತೈತಿ. ಹಿಂಗಾಗಿ ಕಣ್ಣು ಬೂದಿ ಆದಂಗ ಅನ್ನಿಸಿದ್ರ ಅದೇ Brush ಒಳಗ Temperature ತಗೊಂಡು +5 ಇಟ್ಟು ಅದೇ ಜಾಗಕ್ಕ ಒಂದು ಸಲ ಮೆಲ್ಲಗ ಹಚ್ಚ್ರಿ, ಬೆಚ್ಚಗಿನ ಬಣ್ಣ ವಾಪಸ್ ಬರ್ತೈತಿ. ಕಡೀಕ Dodge & Burn, +5, ಬಿಳಿಭಾಗದ ನಡುವ ಕೆಳಗ ಅಷ್ಟ, ಒಂದೇ ಸಲ. ಮ್ಯಾಲಿನ ರೆಪ್ಪೆ ಕೆಳಗಿನ ನೆರಳು ಮುಟ್ಟಬ್ಯಾಡ್ರಿ. ಜಾಸ್ತಿ ಆತು ಅಂದ್ರ ಬೆಲೆ 0 ಗೆ ತಂದು ಅದೇ ಜಾಗ ತಿಕ್ಕಿದ್ರ ಅಳಿಸಿ ಹೋಗ್ತೈತಿ. ಮುಗಿದ ಮ್ಯಾಲ ಜೂಮ್ ಪೂರ್ತಿ ತಗದು ಮುಖ ಎಲ್ಲಾ ಕಾಣೋ ಹಂಗ ಇಟ್ಟು ಹಳೇದು ಹೊಸದು ಎರಡೂ ನೋಡ್ರಿ.

ಇದರ ಮಿತಿ ಬೆರಳು. ದಪ್ಪ ಕೆಂಪು ಗೆರಿ ಒಂದೊಂದಾಗಿ ತಗೀಬೇಕಂದ್ರ Healing ಐತಿ, ಆದ್ರ ಅದು ಎಲ್ಲಿಂದ ಚರ್ಮ ತಗೊಳ್ತೈತಿ ಅನ್ನೋದು ನಿಮ್ಮ ಕೈಯಾಗಿಲ್ಲ, ಕರಿಗುಡ್ಡೆ ಹತ್ರ ಹೋದ್ರ ಅಂಚು ಕಲಸಿ ಬಿಡ್ತೈತಿ. ಐದಾರು ಫೋಟೋಕ್ಕ ಚಲೋ, ಪೂರ್ತಿ ಮದುವಿಗೆ ಅಲ್ಲ.

ಲೈಟ್‌ರೂಮ್: ನೂರಾರು ಫೋಟೋ ಇದ್ದಾಗ

ಒಂದು ಮದುವಿಯಾಗ ಮದುಮಗಳ ಕಣ್ಣು ಕೆಂಪಾಗಿದ್ರ ಒಂದು ಫೋಟೋದಾಗ ಅಷ್ಟ ಇರಲ್ಲ, ಅಕ್ಕಿಕಾಳು ಬೀಳೋದ್ರಿಂದ ಹಿಡಿದು ಊಟದ ಪಂಕ್ತಿ ತನಕ ಎಲ್ಲಾದ್ರಾಗೂ ಇರ್ತೈತಿ. ಒಂದು ಶೀಟಿನಾಗ ಕಣ್ಣು ತಿಳಿ, ಪಕ್ಕದ ಶೀಟಿನಾಗ ಕೆಂಪು ಇದ್ರ ಆಲ್ಬಮ್ ತಿರುವಿ ಹಾಕೋರಿಗೆ ಕೂಡ್ಲೇ ಗೊತ್ತಾಗ್ತೈತಿ. ಇಲ್ಲಿ ಲೈಟ್‌ರೂಮ್ ಕ್ಲಾಸಿಕ್‌ಗೆ ಸಾಟಿ ಇಲ್ಲ. 2022 ರ ಅಕ್ಟೋಬರ್ ವರ್ಷನ್‌ನಿಂದ Masking ಒಳಗ ಮುಖ ತಾನೇ ಹುಡುಕ್ತೈತಿ, ಆ ಮನುಷ್ಯನ್ನ ಒತ್ತಿದ್ರ Eye Sclera ಅಂತ ಒಂದು ಟಿಕ್ ಬರ್ತೈತಿ, ಅದು ಬಿಳಿಭಾಗ. Iris and Pupil ಬ್ಯಾರೆ ಟಿಕ್, ಎರಡನ್ನೂ ಒಂದೇ ಮಾಸ್ಕ್‌ನಾಗ ಸೇರಿಸಬ್ಯಾಡ್ರಿ.

ಮಾಸ್ಕ್ ಬಂದ ಮ್ಯಾಲ ಸುಮ್ಮನ Saturation ಇಳಿಸಿದ್ರ ಸ್ನ್ಯಾಪ್‌ಸೀಡಿನ ಬೂದಿ ತೊಂದ್ರಿನ ಬರ್ತೈತಿ. ಅದರ ಬದ್ಲಿ Point Color ಬಳಸ್ರಿ, 2023 ರಿಂದ ಅದು ಮಾಸ್ಕ್ ಒಳಗೂ ಸಿಗ್ತೈತಿ. ಡ್ರಾಪರ್‌ನಿಂದ ಒಂದು ಕೆಂಪು ಗೆರಿ ಮ್ಯಾಲ ಒತ್ತಿ ಸ್ಯಾಚುರೇಶನ್ −30 ರ ಆಸುಪಾಸು, ಲ್ಯೂಮಿನನ್ಸ್ +10 ರ ಆಸುಪಾಸು. ಗೆರಿ ಬಣ್ಣ ಪಕ್ಕದ ಬಿಳಿಗೆ ಹತ್ರ ಬರ್ತೈತಿ, ಉಳಿದ ಬಿಳಿ ಹಂಗ ಇರ್ತೈತಿ. Exposure +0.15 ರಿಂದ +0.25, ಅದಕ್ಕೂ ಮ್ಯಾಲ ಹೋಗೋ ಅವಶ್ಯಕತೆ ಬಿದ್ರ ತೊಂದ್ರಿ ಕಣ್ಣಿನಾಗಿಲ್ಲ, ಮುಖದ ಮ್ಯಾಲ ಬೆಳಕು ಕಡಿಮಿ ಐತಿ ಅಂತ ತಿಳೀರಿ, ಮೊದ್ಲ ಮುಖ ಸರಿ ಮಾಡ್ರಿ. Whites ಮತ್ತ Clarity ಬಿಳಿಭಾಗಕ್ಕ ಮುಟ್ಟಬ್ಯಾಡ್ರಿ, Clarity ಏರಿಸಿದ್ರ ಪ್ರತಿ ಗೆರೀನೂ ಎದ್ದು ಕಾಣ್ತೈತಿ.

ಆಮ್ಯಾಲ ಅದೇ ಲೈಟಿನಾಗ ತಗದ ಫೋಟೋಗಳಿಗೆ ಸಿಂಕ್ ಮಾಡಿದ್ರ ಪ್ರತಿ ಫೋಟೋದಾಗೂ ಮಾಸ್ಕ್ ಹೊಸದಾಗಿ ಲೆಕ್ಕ ಹಾಕ್ತೈತಿ. ಅಲ್ಲಿ ಸುಮ್ಮನ ಎದ್ದು ಚಹಾಕ್ಕ ಹೋಗಬ್ಯಾಡ್ರಿ, ಒಂದೊಂದು ನೋಡ್ಲೇಬೇಕು. ಕಣ್ಣು ಅರ್ಧ ಮುಚ್ಚಿದ್ರ, ಕನ್ನಡಕದ ಹೊಳಪು ಇದ್ರ, ಬಾಸಿಂಗದ ಎಳಿ ಕಣ್ಣಿಗೆ ಅಡ್ಡ ಬಂದ್ರ ಮಾಸ್ಕ್ ಎಲ್ಲೆಲ್ಲೋ ಹೋಗಿರ್ತೈತಿ. ಮೂಲಿ ಗುಲಾಬಿ ಮಾಂಸಾನೂ ಬಾಳ ಸಲ ಒಳಗ ಬಂದಿರ್ತೈತಿ, Subtract ಒಳಗ ಬ್ರಶ್ ತಗೊಂಡು ಅದನ್ನ ಬಿಡಿಸ್ರಿ. ಮ್ಯಾಲಿನ ನೆರಳಿನ ಮ್ಯಾಲೂ ಒಂದು ಸಲ ಮೆತ್ತಗ ಅದೇ ಬ್ರಶ್ ಆಡಿಸ್ರಿ.

ಒಂದು ಮಾತು, ಮೊಬೈಲ್ ಲೈಟ್‌ರೂಮ್ ಫ್ರೀ ಸಿಗ್ತೈತಿ ಅಂತ ಇದಕ್ಕ ಇಳಿಸ್ಕೋಬ್ಯಾಡ್ರಿ, ಅದರಾಗ ಮಾಸ್ಕಿಂಗ್‌ಗೆ ದುಡ್ಡು ಕೊಡಬೇಕು. ಫ್ರೀ ಬೇಕಂದ್ರ ಸ್ನ್ಯಾಪ್‌ಸೀಡೇ ಮೇಲು.

ಫೋಟೋಶಾಪ್: ಮುಖಪುಟಕ್ಕ, ದೊಡ್ಡ ಪ್ರಿಂಟ್‌ಗೆ

ಇಲ್ಲಿ ಒಂದು ಫೋಟೋ ತಗೊಂಡು ಪೂರ್ತಿ ಹೇಳ್ತೀನಿ, ಯಾಕಂದ್ರ ಉಳಿದ ಸಾಧನದಾಗ ಏನು ಬಿಟ್ಟು ಹೋಗ್ತೈತಿ ಅನ್ನೋದೂ ಇದರಾಗ ಕಾಣ್ತೈತಿ. ಗಂಗಾವತಿ ಕಡಿ ಮದುವಿ, ಮುಂಜಾನಿ ಮುಹೂರ್ತ, ಮದುಮಗಳ ಕ್ಲೋಸಪ್, ತಲಿಗೆ ಮಲ್ಲಿಗಿ ದಂಡಿ, ಹಣಿಗೆ ಬಾಸಿಂಗ, ಕಣ್ಣಿಗೆ ಕಾಡಿಗಿ. ಆಲ್ಬಮ್ ಮುಖಪುಟಕ್ಕ ಆರಿಸಿದ್ದು. ಎರಡೂ ಕಣ್ಣು ಕೆಂಪು, ಮೂಗಿನ ಕಡಿ ಜಾಸ್ತಿ, ಎಡಗಣ್ಣಿನಾಗ ಮೂರು ದಪ್ಪ ಗೆರಿ, ಕೆಳಗಿನ ರೆಪ್ಪೆ ಅಂಚಿನ ಮ್ಯಾಲ ನೀರಿನ ಒಂದು ಹೊಳಿಯೋ ಗೆರಿ.

ಮೊದ್ಲ ಏನೂ ಮುಟ್ಟದ ಐಡ್ರಾಪರ್‌ನಿಂದ ಬಣ್ಣ ಓದ್ರಿ, ಸ್ಯಾಂಪಲ್ 5×5 ಇಟ್ಟು Info ಪ್ಯಾನೆಲ್ ನೋಡ್ರಿ. ಈ ಫೋಟೋದಾಗ ಹಣಿಯ ಹೊಳಪು R 226, G 186, B 158 ಇತ್ತು. ಬಿಳಿಭಾಗದ ಕೆಂಪು ಜಾಗ R 196, G 156, B 150. ಮಲ್ಲಿಗಿ ಹೂವು R 240, G 236, B 226. ಇದರಾಗ ಎರಡು ವಿಷಯ ಸಿಕ್ಕವು. ಕೆಂಪು ಅಂದ್ರ R ಮತ್ತ G ನಡುವಿನ ಅಂತರ, ಇಲ್ಲಿ 40. ಅದನ್ನ 20 ರಿಂದ 25 ಕ್ಕ ತಂದ್ರ ಸಾಕು, ಸೊನ್ನಿಗೆ ತಂದ್ರ ಬೂದಿ. ಇನ್ನು ಬೆಳಕಿನ ಗಡಿ: ಕಣ್ಣಿನ ಬಿಳಿ ಹಣಿಯ ಹೊಳಪನ್ನ ದಾಟಬಾರ್ದು, ಮಲ್ಲಿಗಿ ಹೂವಿನ ಹತ್ರಾನೂ ಸುಳೀಬಾರ್ದು. ನಿಮ್ಮ ಫೋಟೋದಾಗ ಮಲ್ಲಿಗಿ ಇಲ್ಲಂದ್ರ ವರನ ಪಂಚೆ, ಬಿಳಿ ಅಂಗಿ ಏನರ ಇರ್ತೈತಿ, ಅದನ್ನ ಅಳತಿ ಇಟ್ಕೊಳ್ರಿ.

ಆಮ್ಯಾಲ Window ಮೆನುದಾಗ Arrange ಒಳಗ ಅದೇ ಫೋಟೋದ ಎರಡನೇ ಕಿಟಕಿ ತೆರೀರಿ. ಒಂದರಾಗ 200% ಇಟ್ಟು ಕೆಲಸ, ಇನ್ನೊಂದರಾಗ ಪೂರ್ತಿ ಮುಖ. ಕಣ್ಣನ್ನ ಅಷ್ಟ ದೊಡ್ಡದು ಮಾಡಿ ಅದನ್ನೇ ನೋಡ್ತಾ ಕುಂತ್ರ ಕೆಂಪು ಹೋಗೇ ಇಲ್ಲ ಅನ್ನಿಸ್ತಾ ಇರ್ತೈತಿ, ಕೈ ನಿಲ್ಲೋದಿಲ್ಲ. ಪಕ್ಕದಾಗ ಪೂರ್ತಿ ಮುಖ ಇದ್ರ ಎಲ್ಲಿ ನಿಲ್ಲಿಸ್ಬೇಕು ಅಂತ ಅದೇ ಹೇಳ್ತೈತಿ.

ಬಣ್ಣಕ್ಕ Hue/Saturation ಅಡ್ಜಸ್ಟ್‌ಮೆಂಟ್ ಲೇಯರ್. ಮ್ಯಾಲಿನ Master ಬಿಟ್ಟು Reds ಆರಿಸ್ರಿ, Saturation −45, Lightness +12. ಮುಖ ಎಲ್ಲಾ ಬಿಳಿಚಿಕೊಂಡಿದ್ದು ಕಂಡು ಗಾಬರಿ ಆಗಬ್ಯಾಡ್ರಿ, ನಮ್ಮ ಚರ್ಮದ ಬಣ್ಣಾನೂ ಆ ಕೆಂಪಿನ ಅಳತಿಯೊಳಗ ಬರ್ತೈತಿ. ಅದಕ್ಕ ಮಾಸ್ಕ್ ಮ್ಯಾಲ Ctrl+I ಒತ್ತಿದ್ರ ಎಲ್ಲಾ ಮುಚ್ಚಿ ಹೋಗ್ತೈತಿ. ಈಗ ಮೆತ್ತನ ಬಿಳಿ ಬ್ರಶ್, Hardness 0, Flow 15%, ಕೆಂಪು ಇರೋ ಕಡಿ ಎರಡು ಮೂರು ಸಲ, ಕೆಂಪು ಇಲ್ಲದ ಕಡಿ ಒಂದು ಸಲ ಅಥವಾ ಇಲ್ಲವೇ ಇಲ್ಲ. ಇಲ್ಲಿ ಆ ಜಾಗ ಅಂದಾಜು R 194, G 169, B 164 ಕ್ಕ ಬಂತು. ಬೆಳಕಿನ ಕೆಲಸ ಬ್ಯಾರೆಯಾಗಿ ಇನ್ನೂ ಶುರುನ ಮಾಡಿಲ್ಲ, ಆದ್ರೂ ಪಕ್ಕದ ಕಿಟಕಿಯಾಗ ಕಣ್ಣು ತೊಳೆದಂಗ ಕಂಡಿತು.

ಗೆರಿಗಳು ಇನ್ನೂ ಕಾಣ್ತಾವ ಅಂದ್ರ ಈಗ ಅವು. Hue/Saturation ಕೆಳಗ ಒಂದು ಖಾಲಿ ಲೇಯರ್ ಮಾಡಿ ಆ ಲೇಯರಿನ ಮೋಡ್ Lighten ಇಡ್ರಿ, Clone Stamp ತಗೊಳ್ರಿ, ಅದರ Opacity 30%, Sample ಅನ್ನೋದು Current & Below. ಬ್ರಶ್ ಗೆರಿಗಿಂತ ಸ್ವಲ್ಪ ದಪ್ಪ ಇರಲಿ, ಗೆರಿ ಪಕ್ಕದಾಗಿನ ಬಿಳಿ ತಗೊಂಡು ಗೆರಿ ಉದ್ದಕ್ಕೂ ಎಳೀರಿ. Lighten ಇರೋದ್ರಿಂದ ಕಪ್ಪಾಗಿದ್ದ ಗೆರಿಗೆ ಅಷ್ಟ ಹತ್ತತೈತಿ. ಇದನ್ನ ಬಣ್ಣ ಆದ ಮ್ಯಾಲ ಮಾಡೋದು ಯಾಕಂದ್ರ ಅರ್ಧ ಗೆರಿ ಬಣ್ಣದ ಜೊತಿಗೇ ಹೋಗಿರ್ತಾವ, ಸುಮ್ಮನ ಅವುಗಳ ಬೆನ್ನು ಹತ್ತಬೇಕಿಲ್ಲ. ಈ ಫೋಟೋದಾಗ ಆ ಮೂರು ದಪ್ಪ ಗೆರಿ ಮಾತ್ರ ತಗದಿದ್ದು, ಸಣ್ಣವು ಹಂಗ ಬಿಟ್ಟಿದ್ದು. ಒಂದೂ ಗೆರಿ ಇಲ್ಲದ ಕಣ್ಣು ಮನುಷ್ಯರಿಗೆ ಇರಲ್ಲ.

ಈಗ ಬೆಳಕು. Curves ಲೇಯರ್, ಮೋಡ್ Luminosity, ನಡುವಿನ ಚುಕ್ಕಿ 128 ಇದ್ದದ್ದನ್ನ 136 ಕ್ಕ ಎತ್ತಿ, ಮಾಸ್ಕ್ ಉಲ್ಟಾ ಮಾಡಿ, ಬಿಳಿಭಾಗದ ನಡು ಮತ್ತ ಕೆಳಭಾಗಕ್ಕ ಮಾತ್ರ ಹಚ್ಚ್ರಿ. ರೆಪ್ಪೆ ನೆರಳು, ಎರಡೂ ಮೂಲಿ ಕಪ್ಪಗ ಉಳೀಲಿ. ಇಷ್ಟ ಸಾಕ್ರಿ, ನಿಜವಾಗ್ಲೂ ಸಾಕು.

ಕಣ್ಣು ಬೆಳಗಿದಂಗ ಕಾಣೋದು ಬಿಳಿಭಾಗದಿಂದಲ್ಲ, ಕರಿಗುಡ್ಡೆಯಿಂದ. ಲೈಟಿನ ಚುಕ್ಕಿ ಗುಡ್ಡೆಯ ಮ್ಯಾಲಿನ ಎಡ ಭಾಗಕ್ಕ ಬಿದ್ದಿದ್ರ ಅದರ ಎದುರಿಗೆ, ಅಂದ್ರ ಕೆಳಗ ಬಲಕ್ಕ, ಕಂದು ಬಣ್ಣ ತಾನೇ ಸ್ವಲ್ಪ ತಿಳಿ ಇರ್ತೈತಿ. ಅದೇ ಜಾಗಕ್ಕ ಅರ್ಧಚಂದ್ರದಂಗ ಇನ್ನೊಂದು ಸಣ್ಣ Curves ಹಚ್ಚ್ರಿ. ನಡುವಿನ ಗೊಂಬೆ ಕಪ್ಪಗ ಇರಲಿ, ಗುಡ್ಡೆಯ ಸುತ್ತಿನ ಕಪ್ಪು ಅಂಚು ಇರಲಿ, ಆ ಎರಡು ಬೂದಿ ಆದ್ರ ಗಾಜಿನ ನೋಟ ಗ್ಯಾರಂಟಿ. ನಮ್ಮ ಮಂದಿ ಕಣ್ಣು ಗಾಢ ಕಂದು, ಪೂರ್ತಿ ಗುಡ್ಡೆಗೆ ಬೆಳಕು ಹಚ್ಚಿ ಸ್ಯಾಚುರೇಶನ್ ಏರಿಸಿದ್ರ ಜೇನು ಬಣ್ಣ, ಕಿತ್ತಳೆ ಬಣ್ಣ ಆಗ್ತೈತಿ, ಲೈಟ್‌ರೂಮಿನ Iris Enhance ಪ್ರಿಸೆಟ್ ಹಂಗ ಸುಮ್ಮನ ಒತ್ತಿದ್ರ ಆಗೋದೂ ಇದೇ. ತಾಯಿ ನೋಡಿ ಇದು ನನ್ನ ಮಗಳ ಕಣ್ಣಲ್ಲ ಅಂದ್ರ ಉಳಿದ ಕೆಲಸ ಎಷ್ಟು ಚಲೋ ಇದ್ರೂ ವ್ಯರ್ಥ.

ಉಳಿದದ್ದು ಆ ನೀರಿನ ಗೆರಿ. ಬಿಳಿಭಾಗ ಬೆಳಗಿಸಿದ ಮ್ಯಾಲ ಅದು ಎದ್ದು ಕಂಡು ಅತ್ತಂಗ ಅನ್ನಿಸ್ತಿತ್ತು. ಇನ್ನೊಂದು ಖಾಲಿ ಲೇಯರ್ ಮಾಡಿ, ಅದರ ಮೋಡ್ Darken ಇಟ್ಟು, Clone Stamp 30% ನಿಂದ ಅರ್ಧ ಇಳಿಸಿದ್ದು, ಪೂರ್ತಿ ತಗದ್ರ ಕಣ್ಣು ಒಣಗಿದಂಗ ಆಗ್ತೈತಿ. ಕಡೀಕ ಎಲ್ಲಾ ಲೇಯರ್ ಒಂದು ಗ್ರೂಪ್‌ಗೆ ಹಾಕಿ Opacity 100 ರಿಂದ ಕೆಳಗ ಇಳಿಸ್ತಾ ಬರ್ರಿ, ಕೆಂಪು ವಾಪಸ್ ಕಣ್ಣಿಗೆ ಹೊಡೀಲಿಕ್ಕೆ ಹತ್ತೋ ಜಾಗಕ್ಕಿಂತ ಸ್ವಲ್ಪ ಮ್ಯಾಲ ನಿಲ್ಲಿಸ್ರಿ. ಇಲ್ಲಿ 75 ಕ್ಕ ನಿಂತಿತು. ಫೋಟೋವನ್ನ ಅಡ್ಡಕ್ಕ ತಿರುಗಿಸಿ, ಅಂದ್ರ Flip Canvas Horizontal ಮಾಡಿ, 25% ಜೂಮಿನಾಗ ನೋಡ್ರಿ. ಹೊಸ ಮುಖ ನೋಡಿದಂಗ ಆಗ್ತೈತಿ, ನೋಟ ಮೊದ್ಲ ಬಿಳಿಭಾಗಕ್ಕ ಹೋದ್ರ ಜಾಸ್ತಿ ಆಗೈತಿ, ಲೈಟಿನ ಚುಕ್ಕಿಗೆ ಹೋದ್ರ ಸರಿ ಐತಿ.

ದುಡ್ಡಿನ ಮಾತು ಅಂದ್ರ, ಫೋಟೋಶಾಪ್ ಲೈಟ್‌ರೂಮ್ ಎರಡೂ ಚಂದಾ ಕಟ್ಟಿ ಬಳಸೋವು, ಎರಡನ್ನೂ ಸೇರಿಸಿ ಕೊಡೋ ಫೋಟೋಗ್ರಫಿ ಪ್ಲಾನ್ ಐತಿ, ಸ್ಟುಡಿಯೋ ನಡೆಸೋರಿಗೆ ಅದು ಸರಿ. ಕೊಡಲಿಕ್ಕೆ ಆಗಲ್ಲ ಅನ್ನೋರು ಬ್ರೌಸರ್‌ನಾಗ ನಡಿಯೋ ಫೋಟೋಪಿಯಾ ನೋಡ್ರಿ, ಮೆನು ಬಾಳಷ್ಟು ಫೋಟೋಶಾಪ್ ಹಂಗನ ಐತಿ, ಮ್ಯಾಲ ಹೇಳಿದ Hue/Saturation, Curves, ಮಾಸ್ಕ್ ಎಲ್ಲಾ ಅದರಾಗ ಸಿಗ್ತಾವ. ದೊಡ್ಡ ಫೈಲ್ ಹಾಕಿದ್ರ ಹಳೇ ಕಂಪ್ಯೂಟರ್ ಒದ್ದಾಡ್ತೈತಿ, ಅದೊಂದ. ಗಿಂಪ್ ಪೂರ್ತಿ ಫ್ರೀ, ಕೆಂಪನ್ನ ಬ್ಯಾರೆ ಇಳಿಸೋದೂ ಐತಿ, ಆದ್ರ ಮೆನು ಬ್ಯಾರೆ ಇರೋದ್ರಿಂದ ಕೈ ಕೂಡಲಿಕ್ಕೆ ಟೈಮ್ ಹಿಡೀತೈತಿ.

ದಣಿದ ಕಣ್ಣು ಅಂದ್ರ ಬಾಳ ಸಲ ಕಣ್ಣಲ್ಲ

ಗಿರಾಕಿ ಕಣ್ಣು ಬೆಳಗಿಸ್ರಿ ಅಂದಾಗ ಮೊದ್ಲ ಕಣ್ಣಿನ ಕೆಳಗ ನೋಡ್ರಿ. ದಣಿವು ಕಾಣೋದು ಅಲ್ಲಿನ ಕಪ್ಪಿನಿಂದ, ಬಿಳಿಭಾಗ ಎಷ್ಟು ತಿಳಿ ಮಾಡಿದ್ರೂ ಕೆಳಗಿನ ಕಪ್ಪು ಹಂಗ ಇದ್ರ ಇನ್ನೂ ಜಾಸ್ತಿ ದಣಿದಂಗ, ಮ್ಯಾಲ ಕಣ್ಣು ಬಿಟ್ಟಂಗ ಕಾಣ್ತೈತಿ. ಸ್ನ್ಯಾಪ್‌ಸೀಡಿನಾಗ Dodge & Burn +5 ಒಂದೆರಡು ಸಲ ಅಲ್ಲಿ ಹಚ್ಚಿದ್ರ ಬಾಳ ಫರಕ್ ಬೀಳ್ತೈತಿ. ಫೋಟೋಶಾಪ್‌ನಾಗ ಖಾಲಿ ಲೇಯರ್ ಮ್ಯಾಲ, Sample ಅನ್ನೋದು Current & Below ಇಟ್ಟು, ಕೆನ್ನಿ ಚರ್ಮ ತಗೊಂಡು ಹೀಲಿಂಗ್ ಬ್ರಶ್‌ನಿಂದ ಪೂರ್ತಿ ಹಚ್ಚಿ ಆಮ್ಯಾಲ ಲೇಯರ್ Opacity 40% ಕ್ಕ ಇಳಿಸ್ರಿ, ಮಡಿಕಿ ಗೆರಿ ಉಳೀತೈತಿ, ಕಪ್ಪು ತಿಳಿ ಆಗ್ತೈತಿ. ಹಿಂಗ ಮಾಡಿದ ಮ್ಯಾಲ ಎಷ್ಟೋ ಫೋಟೋಕ್ಕ ಬಿಳಿಭಾಗ ಬೆಳಗಿಸೋ ಅವಶ್ಯಕತೆನ ಉಳಿಯಲ್ಲ, ಕೆಂಪು ಇಳಿಸಿದ್ರ ಮುಗೀತು.

ಯಾರಿಗೆ ಯಾವುದು

ಮನಿಯಾಗ ನಾಕೈದು ಫೋಟೋ, ಸಣ್ಣ ಪ್ರಿಂಟ್ ಇಲ್ಲಾ ವಾಟ್ಸಾಪ್ ಅಂದ್ರ ಸ್ನ್ಯಾಪ್‌ಸೀಡ್, ಅದರಾಗೂ Saturation ಬ್ರಶ್ ಮಾತ್ರ ಸಾಕಾಗ್ತೈತಿ. ಹೊಸದಾಗಿ ಸ್ಟುಡಿಯೋ ಹಾಕಿದೋರು, ಒಂದು ಮದುವಿಗೆ ನೂರಾರು ಫೋಟೋ ಕೊಡೋರು ಮೊದ್ಲ ಲೈಟ್‌ರೂಮ್ ಕಲೀರಿ, ಫೋಟೋಶಾಪ್ ಆಮ್ಯಾಲ. ಯಾಕಂದ್ರ ನೂರು ಫೋಟೋದಾಗ ಸ್ವಲ್ಪ ಸ್ವಲ್ಪ ಕೆಂಪು ಇಳಿದಿದ್ದು ಆಲ್ಬಮ್‌ಗೆ ಕೊಡೋ ಚಂದ, ಒಂದೇ ಫೋಟೋದಾಗ ಪೂರ್ತಿ ಕೆಲಸ ಮಾಡಿದ್ರ ಬರಲ್ಲ. ಮುಖಪುಟ, ದೊಡ್ಡ ಕ್ಲೋಸಪ್, ಗ್ವಾಡಿಗೆ ಹಾಕೋ ಫ್ರೇಮ್, ಇವಕ್ಕ ಮಾತ್ರ ಫೋಟೋಶಾಪ್‌ನಾಗ ಕೂಡ್ರಿ. ಒಂದು ಮದುವಿಗೆ ಅಂಥವು ಹತ್ತಕ್ಕಿಂತ ಜಾಸ್ತಿ ಇರಲ್ಲ. ಡಿಸೈನ್‌ಗೆ ಹೊರಗ ಕಳಿಸೋರು ಇದ್ರ ಫೈಲ್ ಜೊತಿಗೆ ಬರದು ಕಳಿಸ್ರಿ: ಕೆಂಪು ಇಳಿಸ್ರಿ, ಬಿಳಿ ಏರಿಸಬ್ಯಾಡ್ರಿ, ಕಣ್ಣು ದೊಡ್ಡದು ಮಾಡಬ್ಯಾಡ್ರಿ. ಹೇಳದಿದ್ರ ಮೂರೂ ಮಾಡಿ ಕಳಸ್ತಾರ.

ವಯಸ್ಸಾದೋರ ಫೋಟೋಕ್ಕ ಈ ಯಾವ ಸಾಧನ ಬಳಸಿದ್ರೂ ಅಳತಿ ಅರ್ಧಕ್ಕ ಇಳಿಸ್ರಿ. ಎಪ್ಪತ್ತು ದಾಟಿದ ಹಿರಿಯರ ಕಣ್ಣಿನ ಬಿಳಿ ಸ್ವಲ್ಪ ಹಳದಿನ ಇರ್ತೈತಿ, ಕರಿಗುಡ್ಡೆ ಪಕ್ಕ ಕಂದು ಕಲಿ ಇರ್ತಾವ, ಅವನ್ನ ತೊಳೆದು ಇಪ್ಪತ್ತರ ಕಣ್ಣು ಇಟ್ರ ಸುಕ್ಕಿನ ಮುಖದಾಗ ಅದು ಕೂಡೋದೇ ಇಲ್ಲ. ಕೆಂಪು ಮಾತ್ರ ಇಳಿಸ್ರಿ, ಹಳದಿ ಬಿಡ್ರಿ. ಪಾಸ್‌ಪೋರ್ಟ್, ವೀಸಾಕ್ಕ ಹೋಗೋ ಫೋಟೋ ಇದ್ರ ಕಣ್ಣು ಮುಟ್ಟಲೇಬ್ಯಾಡ್ರಿ, ಮುಖ ತಣ್ಣೀರಿನಾಗ ತೊಳ್ಕೊಂಡು ಸ್ವಲ್ಪ ಹೊತ್ತು ಕುಂತು ಬರ್ರಿ ಅಂತ ಹೇಳಿ ಇನ್ನೊಂದು ಸಲ ತಗೀರಿ. ಮದುಮಕ್ಕಳ ಶೂಟ್‌ನಾಗೂ ವಿಡಿಯೋದವ್ರಿಗೆ ಹೇಳಿ ಆ ಎಲ್‌ಇಡಿ ಲೈಟನ್ನ ನೇರ ಎದುರಿಗೆ ಬಿಟ್ಟು ಒಂದು ಮಗ್ಗಲಿಗೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮ್ಯಾಲಕ್ಕ ಇಡಿಸಿದ್ರ ಕಣ್ಣಾಗ ನೀರು ಬರೋದು ಕಡಿಮಿ ಆಗ್ತೈತಿ, ಲೈಟಿನ ಚುಕ್ಕೀನೂ ಗುಡ್ಡೆಯ ಮ್ಯಾಲ ಸರಿಯಾದ ಜಾಗಕ್ಕ ಬೀಳ್ತೈತಿ.